ಅಲ್ಮೇರಾದಲ್ಲಿರುವ ಚೆಕ್ಕಿಗೂ ಆಯುಷ್ಯ ಇದೆ

ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಬೀಜ, ಗೊಬ್ಬರ, ಕೀಟನಾಶಕದ ವ್ಯಾಪಾರ ಬಹುಪಾಲು ಉದ್ರಿಯ ಮೇಲೆ ನಡೆಯುತ್ತದೆ. ಮುಂಗಾರಿನಲ್ಲಿ ಒಯ್ದ ಮಾಲಿನ ದುಡ್ಡನ್ನು ರೈತ ಕೊಡುವುದು ಗೋವಿನಜೋಳ ಮಾರಿದ ಮೇಲೆಯೇ. ಅಲ್ಲಿಯವರೆಗೆ ಅಂಗಡಿಯ ಡೀಲರ್ ತನಗೆ ಮಾಲು ಕೊಟ್ಟ ವಿತರಕರಿಗೆ ಮುಂದಿನ ತಾರೀಖಿನ ಚೆಕ್ ಬರೆದುಕೊಟ್ಟಿರುತ್ತಾನೆ. ಆ ಚೆಕ್ ಅಲ್ಮೇರಾಕ್ಕೆ ಸೇರಿದ ಕೂಡಲೇ ವಸೂಲಿಯ ಚಿಂತೆ ಮುಗಿಯಿತೆಂದು ಅನೇಕರು ನೆಮ್ಮದಿಯಾಗುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಗ.

ಒಂದು ಉದಾಹರಣೆ ನೋಡೋಣ. ವಿತರಕರು ಜುಲೈ 18ರ ಬಿಲ್ಲಿನಲ್ಲಿ ಒಬ್ಬ ಡೀಲರಿಗೆ 3,60,000 ರೂಪಾಯಿಯ ಮಾಲು ಕೊಟ್ಟರು, ನವೆಂಬರ್ 10ರ ತಾರೀಖಿನ ಚೆಕ್ ಪಡೆದರು. ರಿಜಿಸ್ಟರಿನಲ್ಲಿ ಡೀಲರ್ ಹೆಸರು, ಬ್ಯಾಂಕು, ಚೆಕ್ ನಂಬರ್, ಮೊತ್ತ, ಯಾವ ಬಿಲ್ಲಿಗೆ ಸೇರಿದ್ದು ಎಂಬುದೆಲ್ಲ ಬರೆದರೂ ಸಾಲುಗಳನ್ನು ಜೋಡಿಸಬೇಕಾದದ್ದು ಚೆಕ್ಕಿನ ತಾರೀಖಿನ ಪ್ರಕಾರ. ಡೀಲರ್ ಹೆಸರಿನ ಪ್ರಕಾರ ಜೋಡಿಸಿದ ರಿಜಿಸ್ಟರ್ 'ಇವರ ಚೆಕ್ ಎಷ್ಟಿವೆ' ಎಂದು ಹೇಳುತ್ತದೆಯೇ ಹೊರತು 'ಈ ವಾರ ಬ್ಯಾಂಕಿಗೆ ಹೋಗಬೇಕಾದವು ಯಾವುವು' ಎಂದು ಹೇಳುವುದಿಲ್ಲ.

ಪ್ರತಿ ಚೆಕ್ಕಿಗೂ ಎರಡು ಗಡಿ ಇವೆ. ಬರೆದ ತಾರೀಖಿಗೆ ಮೊದಲೇ ಹಾಕಿದರೆ, ತಾರೀಖು ಇನ್ನೂ ಬಂದಿಲ್ಲವೆಂಬ ಕಾರಣಕ್ಕೆ ಬ್ಯಾಂಕು ವಾಪಸು ಕಳಿಸುತ್ತದೆ. ಇನ್ನೊಂದು ಕಡೆಯ ಗಡಿ ಮೂರು ತಿಂಗಳದ್ದು. 2012ರ ಏಪ್ರಿಲ್‌ಗೆ ಮೊದಲು ಚೆಕ್ಕಿಗೆ ಆರು ತಿಂಗಳ ಆಯುಷ್ಯ ಇತ್ತು. ರಿಸರ್ವ್ ಬ್ಯಾಂಕ್ ಅದನ್ನು ಅರ್ಧಕ್ಕೆ ಇಳಿಸಿತು. ನಮ್ಮ ಚೆಕ್ಕನ್ನು ಫೆಬ್ರವರಿಯ ಮೊದಲ ವಾರ ದಾಟಿಸುವಂತಿಲ್ಲ. ಮೂರು ತಿಂಗಳು ಎಣಿಸಬೇಕಾದದ್ದು ಚೆಕ್ಕಿನ ಮೇಲಿನ ತಾರೀಖಿನಿಂದ, ಅದು ಕೈಗೆ ಬಂದ ದಿನದಿಂದಲ್ಲ.

ಟ್ಯಾಲಿ ಬಳಸುವವರು ಇಂಥ ರಸೀದಿಯ ವೋಚರನ್ನು Ctrl+T ಒತ್ತಿ ಪೋಸ್ಟ್ ಡೇಟೆಡ್ ಎಂದು ಗುರುತು ಮಾಡಬಹುದು. ತಾರೀಖು ಬರುವವರೆಗೆ ಅದು ಡೀಲರಿನ ಬಾಕಿಯನ್ನು ಮುಟ್ಟುವುದಿಲ್ಲ. ಇದು ಬಹಳ ಮುಖ್ಯ, ಏಕೆಂದರೆ ಚೆಕ್ ಬಂದ ದಿನವೇ ಬಾಕಿ ಇಳಿದರೆ ಮಿತಿ ಖಾಲಿ ಇದೆಯೆಂದು ಮತ್ತೊಂದು ಲೋಡ್ ಹೊರಟುಬಿಡುತ್ತದೆ. ಆದರೆ ನವೆಂಬರ್ 10 ಬಂದ ಮೇಲೆ ಲೆಕ್ಕದಲ್ಲಿ ಹಣ ಬಂದಂತೆ ಕಾಣುತ್ತದೆ, ಚೆಕ್ ಇನ್ನೂ ಅಲ್ಮೇರಾದಲ್ಲೇ ಇದ್ದರೂ. ಬ್ಯಾಂಕ್ ಸ್ಟೇಟ್‌ಮೆಂಟಿನ ಜತೆ ತಾಳೆ ನೋಡುವವರಿಗೆ ಮಾತ್ರ ಈ ವ್ಯತ್ಯಾಸ ಸಿಗುತ್ತದೆ.

ತಾರೀಖಿಗೆ ಮೂರ್ನಾಲ್ಕು ದಿನ ಮೊದಲು ಡೀಲರಿಗೆ ಒಂದು ಫೋನ್ ಮಾಡುವುದು ಒಳ್ಳೆಯ ರೂಢಿ. 'ಇನ್ನೊಂದ್ ವಾರ ತಡೀರಿ ಅಣ್ಣಾರ, ಗೋವಿನಜೋಳ ಇನ್ನೂ ಒಣಗಿಲ್ರಿ' ಎಂಬ ಉತ್ತರ ಬಂದರೆ ತಡೆಯಬಹುದು, ಮೂರು ತಿಂಗಳ ಗಡಿ ದೂರವಿದೆ. ತಡೆದದ್ದನ್ನು, ಹೊಸ ದಿನವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ದೊಡ್ಡ ಮೊತ್ತದ ಚೆಕ್ಕಾದರೆ ಇದೇ ಫೋನಿನಲ್ಲಿ ಇನ್ನೊಂದು ಮಾತು ಕೇಳಬೇಕು: ಪಾಸಿಟಿವ್ ಪೇ ಮಾಡಿದ್ದೀರಾ? ಐದು ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಚೆಕ್ಕಿನ ವಿವರವನ್ನು ಬರೆದವರು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸಿರಬೇಕೆಂದು ಅನೇಕ ಬ್ಯಾಂಕುಗಳು ಕಡ್ಡಾಯ ಮಾಡಿವೆ. ತಿಂಗಳುಗಳ ಹಿಂದೆ ಬರೆದ ಚೆಕ್ಕಿನ ವಿಷಯದಲ್ಲಿ ಡೀಲರ್ ಇದನ್ನು ಮರೆತಿರುವುದು ಸಹಜ; ಆಗ ಖಾತೆಯಲ್ಲಿ ಹಣವಿದ್ದರೂ ಚೆಕ್ ವಾಪಸು ಬರಬಹುದು.

ಅತಿ ಹೆಚ್ಚು ನಷ್ಟ ಮಾಡುವ ತಪ್ಪು ಬೇರೆಯೇ ಇದೆ, ಅದು ಲೆಕ್ಕ ಬರೆಯುವವರ ಗಮನಕ್ಕೂ ಬರುವುದಿಲ್ಲ. ನಮ್ಮ ಡೀಲರ್ ಅಕ್ಟೋಬರಿನಲ್ಲಿ ಒಂದು ಲಕ್ಷ ರೂಪಾಯಿಯನ್ನು ನೇರವಾಗಿ ಖಾತೆಗೆ ಹಾಕಿದನೆನ್ನಿ. ಲೆಡ್ಜರಿನಲ್ಲಿ ಅದು ಜಮಾ ಆಯಿತು, ಬಾಕಿ 2,60,000ಕ್ಕೆ ಇಳಿಯಿತು. ಚೆಕ್ ಮಾತ್ರ 3,60,000ದ್ದೇ ಉಳಿಯಿತು. ನವೆಂಬರಿನಲ್ಲಿ ಅದನ್ನೇ ಹಾಕಿ, ಅದು ಬೌನ್ಸ್ ಆದರೆ? ಚೆಕ್ ಹಾಜರುಪಡಿಸಿದ ದಿನ ಅದರ ಮೊತ್ತ ನಿಜವಾದ ಸಾಲಕ್ಕಿಂತ ಹೆಚ್ಚಾಗಿದ್ದರೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನ ಅಪರಾಧ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಭಾಗಶಃ ಪಾವತಿಯನ್ನು 56ನೇ ಕಲಮಿನಂತೆ ಚೆಕ್ಕಿನ ಮೇಲೆಯೇ ನಮೂದಿಸಬೇಕು. ಹಳೆಯದನ್ನು ಮರಳಿಸಿ 2,60,000ದ ಹೊಸ ಚೆಕ್ ಪಡೆಯುವುದು ಇನ್ನೂ ಸುಲಭ. ಹಂಗಾಮು ಮುಗಿದ ಮೇಲೆ ಉಳಿದ ಮಾಲನ್ನು ಡೀಲರ್ ವಾಪಸು ಕಳಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ಆಗ ಕೊಡುವ ಕ್ರೆಡಿಟ್ ನೋಟೂ ಸಾಲವನ್ನು ಇಳಿಸುತ್ತದೆ, ಅಲ್ಲಿಯೂ ಇದೇ ಎಚ್ಚರ ಬೇಕು. ಆದ್ದರಿಂದ ಡೀಲರಿನಿಂದ ಯಾವ ಜಮಾ ಬಂದರೂ ಅವನ ಚೆಕ್ಕಿನ ಸಾಲನ್ನು ಒಮ್ಮೆ ತೆರೆದು ನೋಡಲೇಬೇಕು.

ನಮ್ಮ ಡೀಲರ್ 2,60,000ದ ಹೊಸ ಚೆಕ್ ಕೊಟ್ಟ, ತಾರೀಖು ಅದೇ ನವೆಂಬರ್ 10. ಅಂದೇ ಬ್ಯಾಂಕಿಗೆ ಹಾಕಿದರು, ಹಣ ಸಾಲದೆಂದು ವಾಪಸಾಯಿತು, ರಿಟರ್ನ್ ಮೆಮೊ 12ರಂದು ಕೈಸೇರಿತು. ಮೊದಲು ಮಾಡಬೇಕಾದದ್ದು ರಸೀದಿಯನ್ನು ರದ್ದುಮಾಡಿ ಜುಲೈ 18ರ ಬಿಲ್ಲಿನ ಬಾಕಿಯನ್ನೇ ಮತ್ತೆ ತೆರೆಯುವುದು. ಅದನ್ನು ಬಿಟ್ಟು ನವೆಂಬರಿನಲ್ಲಿ ಹೊಸದಾಗಿ ಖರ್ಚು ಹಾಕಿದರೆ ನಾಲ್ಕು ತಿಂಗಳ ಹಳೆಯ ಬಾಕಿ ನಿನ್ನೆ ಮೊನ್ನೆಯದರಂತೆ ತೋರುತ್ತದೆ. ಬ್ಯಾಂಕ್ ಹಿಡಿದ ಶುಲ್ಕವನ್ನು ಬೇರೆ ಡೆಬಿಟ್ ನೋಟಿನಲ್ಲಿ ಡೀಲರ್ ಖಾತೆಗೆ ಹಾಕಿದರೆ ಸಾಕು.

ಮೆಮೊದಲ್ಲಿರುವ ಕಾರಣವನ್ನು ಓದಿ ಮುಂದಿನ ಹೆಜ್ಜೆ ಇಡಬೇಕು. ಸಹಿ ಹೊಂದದಿದ್ದರೆ ಹೊಸ ಚೆಕ್ ಕೇಳಬಹುದು. ಖಾತೆಯೇ ಮುಚ್ಚಿದ್ದರೆ ಮತ್ತೆ ಹಾಕಿ ಪ್ರಯೋಜನವಿಲ್ಲ, ಅಂದೇ ಮಾಲು ನಿಲ್ಲಿಸಬೇಕು. ಹಣ ಸಾಲದೆಂದಿದ್ದರೆ ಮಾತಾಡಿ ಮತ್ತೆ ಹಾಕಬಹುದು, ಚೆಕ್ಕಿನ ಆಯುಷ್ಯ ಮುಗಿದಿರಬಾರದು ಅಷ್ಟೆ.

ಮಾತುಕತೆ ನಡೆದಿರುವಾಗಲೇ ಕಾನೂನಿನ ಗಡಿಯಾರವೂ ಓಡುತ್ತಿರುತ್ತದೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ, ಅಂದರೆ ಡಿಸೆಂಬರ್ 12ರೊಳಗೆ, ಹಣ ಕೇಳಿ ಲಿಖಿತ ನೋಟಿಸ್ ಹೋಗಬೇಕು. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನು ಒಂದು ರೂಪಾಯಿ ಹೆಚ್ಚುಕಡಿಮೆಯಿಲ್ಲದೆ ಕೇಳಬೇಕು. ಬಡ್ಡಿ, ಶುಲ್ಕ ಬೇಕೆಂದರೆ ಬೇರೆಯಾಗಿ ಬರೆಯಬೇಕು, ಅದರಲ್ಲಿ ಬೆರೆಸಬಾರದು. ನೋಟಿಸ್ ನವೆಂಬರ್ 21ರಂದು ಡೀಲರಿಗೆ ತಲುಪಿದರೆ ಹಣ ಕಟ್ಟಲು ಅವನಿಗೆ 15 ದಿನ, ಡಿಸೆಂಬರ್ 6ರವರೆಗೆ. ಅಷ್ಟರೊಳಗೆ ಕೊಟ್ಟರೆ ಅಪರಾಧವೇ ಇಲ್ಲ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಕೊಡಬೇಕು. ಆ 15 ದಿನ ಮುಗಿಯುವ ಮೊದಲೇ ಕೊಟ್ಟ ದೂರು ನಿಲ್ಲುವುದಿಲ್ಲ. ದೂರು ತಡವಾದರೆ ಸಾಕಷ್ಟು ಕಾರಣ ತೋರಿಸಿ ಕೋರ್ಟಿನ ಕ್ಷಮೆ ಕೇಳಬಹುದು. ನೋಟಿಸಿನ 30 ದಿನಕ್ಕೆ ಅಂಥ ವಿನಾಯಿತಿ ಇಲ್ಲ. ಅದು ತಪ್ಪಿದ್ದರೂ ಚೆಕ್ಕಿನ ಆಯುಷ್ಯ ಉಳಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸಾದರೆ ಆ ದಿನದಿಂದ ಹೊಸದಾಗಿ ನೋಟಿಸ್ ಕೊಡಬಹುದು. 2012ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಒಪ್ಪಿದೆ.

138ರಲ್ಲಿ ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಆದರೆ ವಿತರಕರಿಗೆ ಬೇಕಿರುವುದು ಹಣ, ಹಳೆಯ ಡೀಲರನ್ನು ಜೈಲಿಗೆ ಕಳಿಸುವ ಆಸೆ ಯಾರಿಗೂ ಇರುವುದಿಲ್ಲ. ಕಾಯಿದೆಯೇ ರಾಜಿಗೆ ಅವಕಾಶ ಕೊಟ್ಟಿದೆ. ರಾಜಿಯಲ್ಲಿ ಡೀಲರ್ ಕಂತಿನ ಹೊಸ ಚೆಕ್‌ಗಳನ್ನು ಕೊಟ್ಟು 'ಹಳೇದು ವಾಪಸ್ ಕೊಡ್ರಿ' ಎನ್ನುತ್ತಾನೆ. ಕೊಡಬಾರದು. ಒಪ್ಪಂದವನ್ನು ಇಬ್ಬರ ಸಹಿಯೊಂದಿಗೆ ಬರೆದಿಟ್ಟು, ಪ್ರತಿ ಹೊಸ ಚೆಕ್ಕಿಗೂ ರಿಜಿಸ್ಟರಿನಲ್ಲಿ ಬೇರೆ ಸಾಲು ತೆರೆದು, ಹಳೆಯ ಚೆಕ್ ಮತ್ತು ಅದರ ರಿಟರ್ನ್ ಮೆಮೊಗಳನ್ನು ಕೊನೆಯ ಕಂತು ಖಾತೆಗೆ ಜಮಾ ಆಗುವವರೆಗೆ ಒಟ್ಟಿಗೆ ಪಿನ್ನು ಮಾಡಿ ಇಟ್ಟುಕೊಳ್ಳಬೇಕು.