ಅಂದಾಜು ತೆರಿಗೆ ಪದ್ಧತಿ: ಕಿರ್ದಿ ಬೇಡ, ಆಧಾರ ಬೇಕು

ಸಣ್ಣ ವ್ಯಾಪಾರಿಯು ತನ್ನ ನಿಜವಾದ ಲಾಭವನ್ನು ಕಾಸು ಕಾಸಾಗಿ ಲೆಕ್ಕ ಹಾಕಬೇಕಾಗಿಲ್ಲ. ವರ್ಷದ ಒಟ್ಟು ವಹಿವಾಟಿನ ಒಂದು ನಿಗದಿತ ಪಾಲನ್ನೇ ಲಾಭವೆಂದು ಘೋಷಿಸಿ ತೆರಿಗೆ ಕೊಟ್ಟರೆ ಸಾಕು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮು ಕೊಟ್ಟಿರುವ ಸೌಲಭ್ಯವಿದು. ನಗದಾಗಿ ಬಂದ ಹಣಕ್ಕೆ ಶೇ. 8, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದುದಕ್ಕೆ ಶೇ. 6. ವಹಿವಾಟು 2 ಕೋಟಿಯನ್ನು ಮೀರಬಾರದು; ನಗದು ಶೇ. 5ರೊಳಗೆ ಇದ್ದರೆ 3 ಕೋಟಿಯವರೆಗೂ ಅವಕಾಶವುಂಟು. ಇವು ಕನಿಷ್ಠ ಪ್ರಮಾಣಗಳು; ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸಬೇಕು.

ಈ ಪದ್ಧತಿಯನ್ನು ಆರಿಸಿಕೊಂಡವರು ಕಿರ್ದಿ, ಖಾತಾವಹಿಗಳನ್ನು ಇಡಬೇಕೆಂಬ ನಿರ್ಬಂಧವಿಲ್ಲ. ಇದನ್ನು ಕೇಳಿದ ಹಲವರು ಯಾವ ಕಾಗದವೂ ಬೇಡವೆಂದು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಕಾಯ್ದೆ ಬಿಟ್ಟುಕೊಟ್ಟಿರುವುದು ಖರ್ಚಿನ ಲೆಕ್ಕವನ್ನು ಮಾತ್ರ. ವಹಿವಾಟು ಎಷ್ಟು, ಅದರಲ್ಲಿ ನಗದು ಎಷ್ಟು ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ವ್ಯಾಪಾರಿಯ ಮೇಲೆಯೇ ಉಳಿದಿದೆ.

ಬದಿಯಡ್ಕ ಪೇಟೆಯ ಒಬ್ಬ ದಿನಸಿ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. 2024-25ರಲ್ಲಿ ಅವರ ಮಾರಾಟ 60 ಲಕ್ಷ. ಯುಪಿಐ, ಚೆಕ್‌ಗಳಲ್ಲಿ 42 ಲಕ್ಷ, ನಗದಿನಲ್ಲಿ 18 ಲಕ್ಷ. ಮೊದಲನೆಯದರ ಶೇ. 6 ಎಂದರೆ 2.52 ಲಕ್ಷ, ಎರಡನೆಯದರ ಶೇ. 8 ಎಂದರೆ 1.44 ಲಕ್ಷ. ಒಟ್ಟು ಆದಾಯ 3.96 ಲಕ್ಷ. ಹೊಸ ತೆರಿಗೆ ಕ್ರಮದಲ್ಲಿ ಆ ವರ್ಷ 7 ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ಕಟ್ಟಬೇಕಾದ ತೆರಿಗೆ ಏನೂ ಇಲ್ಲ.

ತೊಡಕು ಕಾಣಿಸಿಕೊಳ್ಳುವುದು ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ. ಅಲ್ಲಿ ಯುಪಿಐ, ಚೆಕ್‌ಗಳ ಮೂಲಕ ಜಮೆಯಾಗಿರುವುದು 42 ಲಕ್ಷವಲ್ಲ, 47 ಲಕ್ಷ. ಹೆಚ್ಚಿನ ಐದರಲ್ಲಿ ಮೂರು ಲಕ್ಷ ಭಾವನಿಂದ ಪಡೆದ ಸಾಲ, ಎರಡು ಲಕ್ಷ ತೋಟದ ಅಡಿಕೆ ಮಾರಿದ ಹಣ. ಅಂಗಡಿಗೂ ಮನೆಗೂ ಒಂದೇ ಖಾತೆಯಿದ್ದರೆ ಹೀಗೆಯೇ ಆಗುತ್ತದೆ. ಅಧಿಕಾರಿಯು ಕೇಳಿದಾಗ ಆಧಾರವಿಲ್ಲದಿದ್ದರೆ ಆ ಐದು ಲಕ್ಷವನ್ನು ಮಾರಾಟಕ್ಕೆ ಸೇರಿಸಿ ಶೇ. 6 ಲೆಕ್ಕದಲ್ಲಿ 30,000 ಆದಾಯ ಹೆಚ್ಚಿಸಬಹುದು. ಇದು ಸೌಮ್ಯವಾದ ದಾರಿ. ಮೂಲ ತಿಳಿಯದ ಹಣವೆಂದು ಪರಿಗಣಿಸಿದರೆ ಇಡೀ ಐದು ಲಕ್ಷಕ್ಕೆ ಶೇ. 60 ತೆರಿಗೆ, ಅದರ ಮೇಲೆ ಸರ್‌ಚಾರ್ಜು ಮತ್ತು ಸೆಸ್ಸು, ಎಲ್ಲ ಸೇರಿ ಶೇ. 78, ಅಂದರೆ 3.90 ಲಕ್ಷ. ವರ್ಷವಿಡೀ ದುಡಿದು ತೋರಿಸಿದ ಆದಾಯಕ್ಕೆ ಹೆಚ್ಚುಕಡಿಮೆ ಸಮ! ಇದನ್ನು ತಪ್ಪಿಸುವುದು ಎರಡೇ ಕಾಗದ: ಭಾವನ ಸಹಿಯಿರುವ ಸಾಲದ ದೃಢೀಕರಣ ಪತ್ರ ಮತ್ತು ಅಡಿಕೆ ಮಾರಿದ ಚೀಟಿ. ಸಾಲವು ಬ್ಯಾಂಕಿನ ಮೂಲಕವೇ ಬಂದಿರಬೇಕು. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕಿರುವ ನಿಷೇಧ ಇವರಿಗೂ ಅನ್ವಯಿಸುತ್ತದೆ.

ತೋಟವಿರುವ ನಮ್ಮ ಕಡೆಯ ವ್ಯಾಪಾರಿಗಳು ಇನ್ನೊಂದನ್ನು ಗಮನಿಸಬೇಕು. ಅಂದಾಜು ಪದ್ಧತಿಯವರಿಗೆ ಸಾಮಾನ್ಯವಾಗಿ ಐಟಿಆರ್-4 ನಮೂನೆ. ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಅದು ಸಲ್ಲದು; ಐಟಿಆರ್-3 ತುಂಬಬೇಕಾಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ಅದನ್ನು ಬರೆಯದೆ ಬಿಟ್ಟವರಿಗೆ ಮೇಲಿನ ಪ್ರಶ್ನೆಯನ್ನು ಎದುರಿಸುವಾಗ ಅಡಿಕೆ ಚೀಟಿಯೂ ಅಷ್ಟಾಗಿ ನೆರವಾಗದು.

ರಿಟರ್ನಿನಲ್ಲಿ ಮಾರ್ಚ್ 31ರ ನಾಲ್ಕು ಅಂಕಿಗಳನ್ನು ಕೇಳುತ್ತಾರೆ: ಉಳಿದ ಸರಕು, ಬರಬೇಕಾದ ಉದ್ರಿ, ಕೊಡಬೇಕಾದ ಬಾಕಿ, ಕೈಯಲ್ಲಿರುವ ನಗದು. ಆ ಸಂಜೆ ಅಂಗಡಿ ಮುಚ್ಚಿದ ಮೇಲೆ ಸರಕನ್ನು ಎಣಿಸಿ ಒಂದು ಹಾಳೆಯಲ್ಲಿ ಬರೆದಿಡುವುದು ಜಾಣತನ. ತಿಂಗಳುಗಳ ಬಳಿಕ ನೆನಪಿನಿಂದ ಬರೆದ ಅಂಕಿಯು ಮುಂದಿನ ವರ್ಷದ ಅಂಕಿಗೆ ಹೊಂದುವುದಿಲ್ಲ. ಉದ್ರಿ ಪುಸ್ತಕದಲ್ಲಿ ಹಣ ಬಂದ ದಿನಾಂಕವನ್ನೂ ಬಗೆಯನ್ನೂ ಬರೆಯಬೇಕು. ಮಾರ್ಚಿನ ಉದ್ರಿ ಮುಂದಿನ ವರ್ಷ ಬ್ಯಾಂಕಿನ ಮೂಲಕ ಬಂದರೂ, ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಬಂದಿದ್ದರೆ ಶೇ. 6ರ ಲೆಕ್ಕಕ್ಕೇ ಸೇರುತ್ತದೆ.

ಜಿಎಸ್‌ಟಿಯ ನಿಯಮವೇ ಬೇರೆ. ಕೇರಳದಲ್ಲಿ ಸರಕು ಮಾರುವವರ ವಹಿವಾಟು 40 ಲಕ್ಷ ಮೀರಿದರೆ ನೋಂದಣಿ ಆಗಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿದ್ದರೂ ಖರೀದಿ ಮತ್ತು ಮಾರಾಟದ ಬಿಲ್ಲುಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಲ್ಲಿ ತೋರಿಸಿದ ವಹಿವಾಟಿಗೂ ಇಲ್ಲಿ ತೋರಿಸಿದ್ದಕ್ಕೂ ವ್ಯತ್ಯಾಸವಿದ್ದರೆ ನೋಟಿಸು ಬರಬಹುದು.

ವಕೀಲರು, ವೈದ್ಯರು, ಎಂಜಿನಿಯರುಗಳಿಗೆ 44ಎಡಿಎ ಕಲಮು: 50 ಲಕ್ಷದವರೆಗಿನ ಸಂಭಾವನೆಯಲ್ಲಿ ಅರ್ಧ ಆದಾಯ, ನಗದು ಶೇ. 5ರೊಳಗಿದ್ದರೆ ಮಿತಿ 75 ಲಕ್ಷ. ಕೊಟ್ಟ ರಸೀದಿಗಳ ಪ್ರತಿಯೇ ಅವರ ಮುಖ್ಯ ಆಧಾರ. ಅಡಿಕೆ ಮಂಡಿಯ ದಲ್ಲಾಳಿಯಂತೆ ಕಮಿಷನ್ನಿನಿಂದ ಗಳಿಸುವವರಿಗೆ ಈ ಎರಡೂ ಸೌಲಭ್ಯಗಳಿಲ್ಲ.

ವ್ಯಾಪಾರಿಗೆ ಇನ್ನೊಂದು ಕಟ್ಟಿದೆ. 44ಎಡಿಗೆ ಒಮ್ಮೆ ಸೇರಿ, ಮುಂದಿನ ಐದು ವರ್ಷಗಳೊಳಗೆ ಅದಕ್ಕಿಂತ ಕಡಿಮೆ ಲಾಭ ತೋರಿಸಿ ಹೊರಬಂದರೆ ಮತ್ತೆ ಐದು ವರ್ಷ ಪ್ರವೇಶವಿಲ್ಲ. ಆ ವರ್ಷಗಳಲ್ಲಿ ಆದಾಯವು ತೆರಿಗೆಯ ಕನಿಷ್ಠ ಮಿತಿಯನ್ನು ದಾಟಿದರೆ ಪೂರ್ಣ ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಬೇಕು. ಲಾಭ ಕುಸಿಯುವ ಸೂಚನೆ ಕಂಡವರು ಏಪ್ರಿಲ್‌ನಿಂದಲೇ ಕಿರ್ದಿ ಬರೆಯತೊಡಗುವುದು ಲೇಸು. ಬಿಲ್ಲುಗಳಿಲ್ಲದ ವರ್ಷಕ್ಕೆ ಮಾರ್ಚಿನಲ್ಲಿ ಕುಳಿತು ಕಿರ್ದಿ ಕಟ್ಟಲಾಗದು.