ಕೊಠಡಿಯಲ್ಲಿ ಇಲ್ಲದವರಿಗೂ ಮುಟ್ಟಬೇಕಾದ ಕಥೆ

ವೆಬ್ ಸರಣಿಯ ಕಥೆ ಹಿಡಿದು ಚಾನೆಲ್ಲಿನ ಡೆವಲಪ್‌ಮೆಂಟ್ ತಂಡದ ಮುಂದೆ ಕೂರುವ ಹೊಸಬರಿಗೆ ಒಂದು ಸಂಗತಿ ಹೊಳೆದಿರುವುದಿಲ್ಲ. ಎದುರಿಗೆ ತಲೆಯಾಡಿಸುತ್ತ ಕೇಳುತ್ತಿರುವವರ ಕೈಯಲ್ಲಿ ಸಾಮಾನ್ಯವಾಗಿ ದುಡ್ಡು ಬಿಡುಗಡೆ ಮಾಡುವ ಅಧಿಕಾರ ಇರುವುದಿಲ್ಲ. ಕಥೆ ಹಿಡಿಸಿದರೆ ಅವರೇ ಅದನ್ನು ಮೇಲಿನವರಿಗೆ, ಮಾರ್ಕೆಟಿಂಗ್‌ನವರಿಗೆ ಮತ್ತೆ ಹೇಳಬೇಕು. ಆ ಹೊತ್ತಿಗೆ ಬರೆದವರು ಅಲ್ಲಿರುವುದಿಲ್ಲ. ಅವರು ಬಿಟ್ಟುಬಂದ ಹತ್ತು ಹದಿನೈದು ಪುಟಗಳ ಪಿಚ್ ಡೆಕ್ ಮಾತ್ರ ಇರುತ್ತದೆ. ಅದರಲ್ಲಿ ಏನಿರಬೇಕು, ಏನು ಬೇಡ ಎಂಬುದು ಇದರ ಮೇಲೆ ನಿಂತಿದೆ.

ಮೊದಲು ಬೇಕಾದದ್ದು ಲಾಗ್‌ಲೈನ್, ಅಂದರೆ ಒಂದೆರಡು ವಾಕ್ಯದಲ್ಲಿ ಇಡೀ ಕಥೆ. "ಮಲೆನಾಡಿನ ಕುಟುಂಬವೊಂದರ ಪ್ರೀತಿ, ದ್ವೇಷ, ಆಸೆಗಳ ಕಥನ" ಎಂದು ಬರೆದರೆ ಕೇಳಿದವರು ಲಿಫ್ಟ್ ತಲುಪುವಷ್ಟರಲ್ಲಿ ಮರೆಯುತ್ತಾರೆ. ಅದರ ಬದಲು ಹೀಗೊಂದು ಕಲ್ಪಿಸಿಕೊಳ್ಳಿ: ತೀರಿಕೊಂಡ ಗಂಡನ ಸಾಲ ತೀರಿಸಲೆಂದು ಶಿರಸಿಯ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿದ ಸುಮಿತ್ರಾಗೆ, ಸಾಲಪತ್ರದ ಮೇಲಿರುವ ಗಂಡನ ಸಹಿ ಮಂಡಿಯ ಯಜಮಾನರೇ ಹಾಕಿದ್ದೆಂದು ಗೊತ್ತಾಗುತ್ತದೆ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಮನೆ ಹೋಗುತ್ತದೆ. ಇಲ್ಲಿ ಯಾರು, ಎಲ್ಲಿ, ಯಾವ ಇಕ್ಕಟ್ಟು ಎಂಬ ಮೂರೂ ಇವೆ. ಇದನ್ನು ಯಾರು ಬೇಕಾದರೂ ಫೋನಿನಲ್ಲಿ ಇನ್ನೊಬ್ಬರಿಗೆ ದಾಟಿಸಬಹುದು.

ಆದರೆ ಇಷ್ಟಕ್ಕೇ ಡೆವಲಪ್‌ಮೆಂಟ್‌ನವರು ಒಪ್ಪುವುದಿಲ್ಲ. ಇದು ಎರಡೂವರೆ ಗಂಟೆಯ ಸಿನಿಮಾ ಆಗಬಹುದಲ್ಲ, ಎಂಟು ಕಂತು ಯಾಕೆ ಬೇಕು ಎಂದು ಕೇಳುತ್ತಾರೆ. ಅನೇಕ ಡೆಕ್‌ಗಳು ಮುಗ್ಗರಿಸುವುದು ಇಲ್ಲೇ. ಕಂತಿನಿಂದ ಕಂತಿಗೆ ಹೊಸ ಕಥೆ ಹುಟ್ಟಿಸುವ ವ್ಯವಸ್ಥೆಯನ್ನು ಆ ವಲಯದಲ್ಲಿ ಎಂಜಿನ್ ಎನ್ನುತ್ತಾರೆ. ಸುಮಿತ್ರಾಳ ಕಥೆಯಲ್ಲಿ ಅದು ಮಂಡಿಯ ಖಾತೆಪುಸ್ತಕ. ಪ್ರತಿ ಕಂತಿನಲ್ಲಿ ಒಬ್ಬ ಬೆಳೆಗಾರನ ಖಾತೆ ತೆರೆಯುತ್ತದೆ, ಅವನ ಮನೆಯ ಗುಟ್ಟು ಬಯಲಾಗುತ್ತದೆ, ಯಜಮಾನರ ವಿರುದ್ಧ ಇನ್ನೊಂದು ಎಳೆ ಸಿಗುತ್ತದೆ. ಪಾತ್ರಗಳ ಪುಟಗಳೂ ಈ ಎಂಜಿನ್‌ಗೆ ಎಣ್ಣೆ ಹೊಯ್ಯಬೇಕು. "ಮೂವತ್ತೆಂಟು ವರ್ಷ, ಧೈರ್ಯವಂತೆ, ಸ್ವಾಭಿಮಾನಿ" ಎಂಬ ಮದುವೆ ಬಯೋಡೇಟಾದಿಂದ ಏನೂ ಹುಟ್ಟುವುದಿಲ್ಲ. ಅವಳಿಗೆ ಏನು ಬೇಕು, ಯಾರಿಂದ ಏನನ್ನು ಮುಚ್ಚಿಡುತ್ತಿದ್ದಾಳೆ, ಯಾರ ಜೊತೆ ಕೂತರೆ ಜಗಳ ಖಚಿತ ಎಂದು ಬರೆದರೆ ಓದುವವರ ತಲೆಯಲ್ಲಿ ದೃಶ್ಯಗಳು ತಾವಾಗಿಯೇ ಏಳುತ್ತವೆ. ನಾಲ್ಕೈದು ಮುಖ್ಯ ಪಾತ್ರ ಸಾಕು.

ಕಥೆಯ ಬಣ್ಣ, ಗಾಳಿ ಹೇಗಿರುತ್ತದೆ ಎಂಬುದನ್ನು ಮಾತಿಗಿಂತ ಚಿತ್ರ ಚೆನ್ನಾಗಿ ಹೇಳುತ್ತದೆ. ಅಮೆರಿಕದ ಅವಳಿ ಸೋದರರಾದ ಮ್ಯಾಟ್ ಮತ್ತು ರಾಸ್ ಡಫರ್ 'ಮೊಂಟಾಕ್' ಹೆಸರಿನ ಸರಣಿಗಾಗಿ ಮಾಡಿದ ಪಿಚ್ ಪುಸ್ತಿಕೆ ಇದಕ್ಕೆ ಹೆಸರುವಾಸಿ. ಅದರ ಮುಖಪುಟ ಎಂಬತ್ತರ ದಶಕದ, ಓದಿ ಓದಿ ಸವೆದ ಸ್ಟೀಫನ್ ಕಿಂಗ್ ಕಾದಂಬರಿಯ ಹಾಗಿತ್ತು. ಹಳೆಯ ಸಿನಿಮಾಗಳ ತುಣುಕು ಜೋಡಿಸಿ ಒಂದು ಟ್ರೇಲರನ್ನೂ ಮಾಡಿಕೊಂಡಿದ್ದರು. ಆದರೂ ಹದಿನೈದಕ್ಕೂ ಹೆಚ್ಚು ಕಡೆ ಬೇಡ ಎನಿಸಿಕೊಂಡರು. ಮಕ್ಕಳೇ ನಾಯಕರಾಗಿರುವ, ಆದರೆ ಮಕ್ಕಳಿಗಲ್ಲದ ಕಥೆ ಕೆಲವರಿಗೆ ಜೀರ್ಣವಾಗಲಿಲ್ಲ. ಪೂರ್ತಿ ಮಕ್ಕಳ ಸರಣಿ ಮಾಡಿ, ಇಲ್ಲವೇ ಪೊಲೀಸ್ ಅಧಿಕಾರಿಯನ್ನೇ ನಾಯಕನನ್ನಾಗಿಸಿ ಎಂಬ ಸಲಹೆಯೂ ಬಂತು. ಸೋದರರು ಒಪ್ಪಲಿಲ್ಲ. ಅದು ಸರಿಯಾದ ಹಟ ಅನ್ನಿಸುತ್ತದೆ, ಯಾಕೆಂದರೆ ಆ ಎರಡರಲ್ಲಿ ಯಾವುದನ್ನು ಒಪ್ಪಿದ್ದರೂ ಡೆಕ್‌ನ ಉಳಿದ ಪುಟಗಳೆಲ್ಲ ಸುಳ್ಳಾಗುತ್ತಿದ್ದವು.

ಕೊನೆಗೆ ನೆಟ್‌ಫ್ಲಿಕ್ಸ್ ಕೊಂಡಿತು. ಕಥೆ ಮೊಂಟಾಕ್ ಬಿಟ್ಟು ಹಾಕಿನ್ಸ್ ಎಂಬ ಕಲ್ಪಿತ ಊರಿಗೆ ಹೋಯಿತು, ಹೆಸರು 'ಸ್ಟ್ರೇಂಜರ್ ಥಿಂಗ್ಸ್' ಆಯಿತು, 2016ರ ಜುಲೈನಲ್ಲಿ ತೆರೆಕಂಡಿತು. ಇನ್ನೊಂದು ಬದಲಾವಣೆ ಡೆಕ್ ಬರೆಯುವವರಿಗೆ ಮುಖ್ಯ. ಮೂಲ ಯೋಜನೆ ಒಂದೇ ಸೀಸನ್‌ಗೆ ಮುಗಿಯುವಂಥದ್ದು, ಇಲೆವೆನ್ ಎಂಬ ಹುಡುಗಿ ಅದರಲ್ಲಿ ಪ್ರಾಣ ಕೊಡುತ್ತಿದ್ದಳು. ಮುಂದಿನ ಸೀಸನ್‌ಗಳ ಮಾತು ಬಂದಾಗ ಆ ಕೊನೆಯನ್ನು ಬಿಡಬೇಕಾಯಿತು. ಹಾಗಾಗಿ ಮೊದಲ ಕಂತಿನ ಸಾರ, ಮೊದಲ ಸೀಸನ್‌ನ ಓಟ ಬರೆದ ಮೇಲೆ, ಎರಡನೆಯದು ಎಲ್ಲಿಂದ ಶುರುವಾಗುತ್ತದೆ ಎಂದು ನಾಲ್ಕು ಸಾಲು ಸೇರಿಸುವುದು ಲೇಸು.

ಬಜೆಟ್ಟಿನ ಅಂಕಿಯನ್ನು ಮೊದಲ ಭೇಟಿಯ ಡೆಕ್‌ನಲ್ಲಿ ಹಾಕದಿರುವುದೇ ಒಳ್ಳೆಯದು. ಅಂಕಿ ಕಂಡರೆ ಚರ್ಚೆ ಕಥೆ ಬಿಟ್ಟು ಅತ್ತ ಹೊರಳುತ್ತದೆ. ಎಷ್ಟು ಕಂತು, ತಲಾ ಎಷ್ಟು ನಿಮಿಷ, ಚಿತ್ರೀಕರಣ ಎಲ್ಲಿ ಎಂದು ಬರೆದರೆ ಖರ್ಚಿನ ಅಂದಾಜು ಅವರೇ ಹಾಕಿಕೊಳ್ಳುತ್ತಾರೆ. ಆದರೆ ಕಥೆ ಯಾರದೋ ಕಾದಂಬರಿಯಿಂದಲೋ, ಬದುಕಿರುವವರ ಜೀವನದಿಂದಲೋ ಬಂದಿದ್ದರೆ, ಅದರ ಹಕ್ಕು ಯಾರ ಬಳಿ ಇದೆ, ಎಲ್ಲಿಯವರೆಗೆ ಇದೆ ಎಂಬುದು ಡೆಕ್‌ನಲ್ಲೇ ಇರಬೇಕು. ಮೇಲಿನವರು ಒಪ್ಪಿದ ಬಳಿಕ ಕಡತ ಕಾನೂನು ವಿಭಾಗಕ್ಕೆ ಹೋಗುತ್ತದೆ, ಅಲ್ಲಿ ಮೊದಲು ಹುಡುಕುವುದು ಅದನ್ನೇ.