ಚೀಟಿಯಲ್ಲಿ ಕಡಿತ, ಪಾಸ್‌ಬುಕ್ಕಿನಲ್ಲಿ ಖಾಲಿ

ಹರಿಹರದ ಕಿರ್ಲೋಸ್ಕರ್, ದಾವಣಗೆರೆಯ ಗಿರಣಿಗಳು ಬಾಗಿಲು ಹಾಕಿದ್ದನ್ನು ಕಂಡವರಿಗೆ ಪಿಎಫ್ ಬೆಲೆ ಗೊತ್ತು. ಲೆಕ್ಕ ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಇದ್ದರೆ, ಶೇ.12ರಂತೆ ನಿಮ್ಮಿಂದ 1,800 ಕಡಿತ. ಮಾಲೀಕರೂ ಅಷ್ಟೇ ಹಾಕಬೇಕು. ಆದರೆ ಅದರಲ್ಲಿ 1,250 ಪಿಂಚಣಿಗೆ ಹೋಗಿ, ಪಿಎಫ್‌ಗೆ ಬರೋದು 550 ಮಾತ್ರ. ಎರಡೂ ಪಾಲು ಮುಂದಿನ ತಿಂಗಳ 15ರೊಳಗೆ ಜಮಾ ಆಗಬೇಕು.

ಸಂಬಳ ಚೀಟಿಯಲ್ಲಿ ಕಡಿತ ಕಂಡ ಮಾತ್ರಕ್ಕೆ ಜಮಾ ಆಯ್ತು ಅಂತಲ್ಲ. ಯುಎಎನ್ ಹಾಕಿ ಪಾಸ್‌ಬುಕ್ ನೋಡಿ. ತಿಂಗಳುಗಳು ಖಾಲಿ ಇದ್ದರೆ, ಅದೇ ಚೀಟಿಗಳನ್ನು ಸೇರಿಸಿ EPFiGMS ಪೋರ್ಟಲ್‌ನಲ್ಲಿ ದೂರು ಕೊಡಿ. ಪಿಎಫ್ ಕಚೇರಿ ವಿಚಾರಣೆ ನಡೆಸಿ ಬಾಕಿ ನಿಗದಿ ಮಾಡುತ್ತೆ, ಶೇ.12 ಬಡ್ಡಿ, ದಂಡ ಹಾಕುತ್ತೆ. ಮಾಲೀಕರ ಬ್ಯಾಂಕ್ ಖಾತೆಯನ್ನೂ ಜಪ್ತಿ ಮಾಡಬಹುದು. ನಿಮ್ಮಿಂದ ಕಡಿದು ಕಟ್ಟದ ಹಣವಂತೂ ಬರೀ ಬಾಕಿಯಲ್ಲ, ನಂಬಿಕೆ ದ್ರೋಹದ ಕ್ರಿಮಿನಲ್ ಅಪರಾಧ.